ತೊಟ್ಟಿನ ಫೋಟೋ ಕಳಿಸಿ: ಹೊಳಗೇರನ್ನು ಮಾವಿನಿಂದ ಬೇರ್ಪಡಿಸಿದ ನನ್ನ ಅನುಭವ

ಸಾಗರದ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಮಳೆಗಾಲದಲ್ಲಿ ಅಪ್ಪೆಮಿಡಿ ಕಸಿ ಕಟ್ಟುತ್ತೇವೆ. ಬೇರುಸಸಿ ಸಾಲದಾದಾಗ ಸೊಪ್ಪಿನಬೆಟ್ಟದಲ್ಲಿ ತಾನಾಗಿ ಹುಟ್ಟಿದ ಮಾವಿನ ಸಸಿಗಳನ್ನು ಕೊಳ್ಳುವುದು ನಮ್ಮ ಕಡೆ ರೂಢಿ. ತೊಂದರೆ ಶುರುವಾಗುವುದು ಅಲ್ಲೇ. ಆ ಸಸಿಗಳ ನಡುವೆ ಹೊಳಗೇರು ಸೇರಿಕೊಂಡು ಬರುತ್ತದೆ. ಅದು ಮಾವಿನ ಕುಟುಂಬದ್ದೇ ಒಂದು ಕಾಡುಮರ, ಸೊನೆ ತಾಗಿದರೆ ಚರ್ಮ ಸುಡುತ್ತದೆ.

ಒಂದು ವರ್ಷ ಇನ್ನೂರರ ಹತ್ತಿರ ಸಸಿ ಬಂದಿತ್ತು, ಸಸಿಗೆ ಹನ್ನೆರಡೋ ಹದಿನೈದೋ ರೂಪಾಯಿ. ಕಾಲು ಭಾಗ ಹೊಳಗೇರು. ಅವುಗಳ ಮೇಲೆ ಕಟ್ಟಿದ ಕಸಿ ಒಂದೂ ಹಿಡಿಯಲಿಲ್ಲ. ಒಳ್ಳೆಯ ಮರದ ಕಸಿಕಡ್ಡಿ ಹೋಯಿತು, ಕೂಲಿ ಹೋಯಿತು. ಸಸಿಯ ತಲೆ ಕತ್ತರಿಸಿದ ಹುಡುಗನ ಕೈಯೆಲ್ಲ ಬೊಬ್ಬೆ ಎದ್ದು ಅವನಿಗೆ ವಾರಗಟ್ಟಲೆ ಕೆಲಸವಿಲ್ಲ. ಔಷಧಿ ಖರ್ಚೂ ಸೇರಿ ಏಳೆಂಟು ಸಾವಿರಕ್ಕೆ ಕಮ್ಮಿ ಇಲ್ಲ.

ಅಲ್ಲಿಂದ ಮುಂದೆ ಫೋಟೋ ನೋಡದೆ ಸಸಿ ತರಿಸುವುದಿಲ್ಲ ಎಂದೆ. "ಎಲೆ ಫೋಟೋದಲ್ಲಿ ಎಂತ ಗೊತ್ತಾಗ್ತದೆ ಮಾರಾಯ್ರೇ, ಎಲ್ಲಾ ಹಸಿರೇ ಅಲ್ವಾ?" ಎಂದು ಜೊತೆಯವರೇ ಕೇಳಿದರು. ಮೊದಮೊದಲು ಬಂದ ಫೋಟೋಗಳು ಹಾಗೇ ಇದ್ದವು. ಬರೀ ಎಲೆಯ ಮೇಲ್ಮೈ, ಅದರ ಮೇಲೆ ಬಿಸಿಲಿನ ಹೊಳಪು. ಅಂಥದ್ದರಲ್ಲಿ ಯಾರೂ ಏನೂ ಹೇಳಲಾರರು. ಹಾಗಾಗಿ ಕೇಳುವುದನ್ನೇ ಬದಲಿಸಿದೆ. ಎಲೆ ಕೀಳಬೇಡಿ, ಮುಟ್ಟಲೂಬೇಡಿ. ತೊಟ್ಟು ಕೊಂಬೆಗೆ ಸೇರುವ ಜಾಗದಿಂದ ಎಲೆಯ ಬುಡದವರೆಗೆ ಹತ್ತಿರದಿಂದ ಒಂದು ಫೋಟೋ. ಕೆಳಗಿನಿಂದ ಎಲೆಯ ಹಿಂಬದಿ ಒಂದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿದು ಇಡೀ ಎಲೆ ಇನ್ನೊಂದು. ನಾಣ್ಯದ ಅಗಲ 27 ಮಿಲಿಮೀಟರ್, ಅದರಿಂದ ಎಲೆಯ ಅಳತೆ ಸಿಗುತ್ತದೆ.

ಹೊಸನಗರದ ಕಡೆಯಿಂದ ಬಂದ ಒಂದು ಎಲೆಯ ವಿಷಯ ಹೇಳುತ್ತೇನೆ. ಕಳಿಸಿದವರು "ಕಾಡುಮಾವು, ಗ್ಯಾರಂಟಿ" ಎಂದಿದ್ದರು. ಎಲೆ ಸುಮಾರು ಹದಿನೆಂಟು ಸೆಂಟಿಮೀಟರ್ ಉದ್ದ, ಆರು ಅಗಲ. ಮಾವಿಗೂ ಇದೇ ಅಳತೆ ಇರಬಹುದು. ಆದರೆ ಇದು ಅತಿ ಅಗಲವಾಗಿದ್ದದ್ದು ನಡುವಿನಲ್ಲಲ್ಲ, ತುದಿಯ ಕಡೆಗೆ. ಅಲ್ಲಿಂದ ಬುಡದವರೆಗೆ ಸಪೂರವಾಗುತ್ತಾ ಬಂದಿತ್ತು. ಮಾವಿನೆಲೆ ಸಾಮಾನ್ಯವಾಗಿ ನಡುವೆ ಅಗಲ, ಎರಡೂ ಕಡೆ ಸಪೂರ. ಇದರಿಂದ ಅನುಮಾನ ಬಂತು ಅಷ್ಟೇ. ನೆರಳಲ್ಲಿ ಬೆಳೆದ ಮಾವಿನ ಸಸಿಯೂ ಒಮ್ಮೊಮ್ಮೆ ಹೀಗೆ ಕಾಣುತ್ತದೆ, ಆಕಾರವೊಂದನ್ನೇ ನಂಬಲಾಗದು.

ತೀರ್ಮಾನ ಕೊಟ್ಟದ್ದು ತೊಟ್ಟು. ಹೊಳಗೇರಿನ ತೊಟ್ಟಿನ ಮೇಲೆ ಎದುರುಬದುರಾಗಿ ಎರಡು ಸಣ್ಣ ಮೆತ್ತನೆಯ ಕಡ್ಡಿಗಳು ಮೂಡಿರುತ್ತವೆ, ಮುಳ್ಳಿನ ಹಾಗೆ ಕಂಡರೂ ಚುಚ್ಚುವುದಿಲ್ಲ. ಮಾವಿನಲ್ಲಿ ಇವು ಇಲ್ಲವೇ ಇಲ್ಲ. ಮಾವಿನ ತೊಟ್ಟು ಕೊಂಬೆಗೆ ಸೇರುವಲ್ಲಿ ಊದಿಕೊಂಡಿರುತ್ತದೆ, ಉಳಿದಂತೆ ಬೋಳು. ಆ ಫೋಟೋದಲ್ಲಿ ಒಂದು ಕಡ್ಡಿ ಸ್ಪಷ್ಟವಾಗಿತ್ತು, ಇನ್ನೊಂದು ಉದುರಿ ಗುರುತು ಮಾತ್ರ ಉಳಿದಿತ್ತು. ಬಲಿತ ಎಲೆಯಲ್ಲಿ ಎರಡೂ ಉದುರಿರಬಹುದು. ಅದಕ್ಕೇ ನಾನು ಎಳೆಯ ಎಲೆಯ ತೊಟ್ಟನ್ನೇ ಕೇಳುವುದು. ಗುರುತು ಎದ್ದು ಕಾಣುವ ಹಾಗೆ ಬೆಳಕು ಹಿಡಿಯುವ ಒಂದು ಕ್ರಮ ನನ್ನ ಹತ್ತಿರ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೂ ಎಲೆ ಕಳಿಸಿದವರು ಒಪ್ಪಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೊಟ್ಟು ಮುರಿದು ಬಿಳಿ ಕಾಗದಕ್ಕೆ ಒತ್ತಿಡಿ, ಸಂಜೆ ಫೋಟೋ ಕಳಿಸಿ ಎಂದೆ. ಕಾಗದದ ಮೇಲೆ ಕಪ್ಪು ಮಸಿ. ಹೊಳಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ. ಇದೇ ಪರೀಕ್ಷೆಯನ್ನು ನಮ್ಮ ತೋಟದ ಐದಾರು ಮಾವಿನ ಮರಗಳ ಮೇಲೂ ಮಾಡಿ ನೋಡಿದ್ದೆ, ತೆಳು ಕಂದು ಕಲೆ ಬಿಟ್ಟರೆ ಬೇರೇನಿಲ್ಲ. ತುರಿಕೆಯನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಡಿ. ಮಾವಿನ ಸೊನೆಗೂ ಕೆಲವರ ಚರ್ಮ ಸುಡುತ್ತದೆ.

ಕಪ್ಪು ಕಲೆ ಕಂಡ ತಕ್ಷಣ ಹೊಳಗೇರು ಅನ್ನಲೂ ಬರುವುದಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಸೊನೆಯೂ ಕಪ್ಪಾಗುತ್ತದೆ. ಅದರ ಎಲೆ ತುಂಬಾ ದೊಡ್ಡದು, ತುದಿ ಗುಂಡಗೆ, ಹಿಂಬದಿ ಬೂದು, ತೊಟ್ಟಿನಲ್ಲಿ ಕಡ್ಡಿಗಳಿಲ್ಲ.

ಇನ್ನು ಗುಳಮಾವು. ಅಗರಬತ್ತಿಗೆ ಇದರ ತೊಗಟೆ ಹೋಗುತ್ತದಲ್ಲ, ಅದೇ. ಹೆಸರಲ್ಲಿ ಮಾವು ಇದ್ದರೂ ಮಾವಿನ ಕುಟುಂಬದ್ದಲ್ಲ. ಇಲ್ಲಿ ಹಿಂಬದಿಯ ಫೋಟೋ ಕೆಲಸಕ್ಕೆ ಬರುತ್ತದೆ. ಎಲೆಯ ಹಿಂಬದಿ ಬೂದುಬಿಳುಪು, ಪಕ್ಕದ ನರಗಳು ಹತ್ತು ಜೊತೆಯ ಆಸುಪಾಸು. ಮಾವಿನಲ್ಲಿ ಇಪ್ಪತ್ತರ ಹತ್ತಿರ ಅಥವಾ ಜಾಸ್ತಿ, ಒತ್ತೊತ್ತಾಗಿ.

ಹೊಳಗೇರಿನಲ್ಲೇ ಹಲವು ಜಾತಿಗಳಿವೆ. ಎಲೆಯ ಫೋಟೋ ಒಂದರಿಂದ ಅವನ್ನು ಬಿಡಿಸಲು ನಾನು ಹೋಗುವುದಿಲ್ಲ, ಅದಕ್ಕೆ ಹೂ, ಕಾಯಿ ಬೇಕು. ಕಸಿಯವನಿಗೆ ಮಾವು ಹೌದೋ ಅಲ್ಲವೋ ಗೊತ್ತಾದರೆ ಸಾಕು. ಈಗ ನಾಲ್ಕು ಮಳೆಗಾಲ ಆಯಿತು, ನಮ್ಮ ಚೀಲಗಳಿಗೆ ಒಂದೂ ಹೊಳಗೇರು ಬಂದಿಲ್ಲ. ಅಂದು ನಕ್ಕವರು ಈಗ ಸಸಿ ಕೊಳ್ಳುವ ಮುಂಚೆ ನನಗೆ ತೊಟ್ಟಿನ ಫೋಟೋ ಕಳಿಸುತ್ತಾರೆ.