ಕಂಪನಿಯ ಗುಟ್ಟು ಬಿಟ್ಟುಕೊಡದೆ ಇಂಟರ್ನ್‌ಶಿಪ್ ರಿಪೋರ್ಟ್ ಬರೆಯುವುದು ಹೇಗೆ?

ವಿಟಿಯು ಕಾಲೇಜುಗಳ ಇಂಟರ್ನ್‌ಶಿಪ್ ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಅಧ್ಯಾಯಗಳು ನಾಲ್ಕು: ಕಂಪನಿಯ ಪರಿಚಯ, ವಿಭಾಗದ ಪರಿಚಯ, ಮಾಡಿದ ಕೆಲಸ, ಕಲಿತದ್ದು. ಇವುಗಳ ಮುಂದೆ ಸರ್ಟಿಫಿಕೇಟ್, ಡಿಕ್ಲರೇಷನ್, ಕೃತಜ್ಞತೆ, ಸಾರಾಂಶ ಇರುತ್ತವೆ. ಹೆಚ್ಚಿನವರು ಮೊದಲ ಅಧ್ಯಾಯದಿಂದಲೇ ಶುರು ಮಾಡಿ, ಕಂಪನಿಯ ವೆಬ್‌ಸೈಟಿನಿಂದ ಹತ್ತು ಪುಟ ಎತ್ತಿಡುತ್ತಾರೆ. ಅದು ಮೂರು ಪುಟ ಇದ್ದರೆ ಸಾಕು. ನೀವು ಮೂರನೇ ಅಧ್ಯಾಯದಿಂದ ಶುರು ಮಾಡಿ. ದಿನಚರಿ ಪುಸ್ತಕ ಎದುರಿಗಿಟ್ಟುಕೊಳ್ಳಿ, ಆದರೆ ತಾರೀಕಿನ ಪ್ರಕಾರ ಬರೆಯಬೇಡಿ. ಸಮಸ್ಯೆ ಏನಿತ್ತು, ಹೇಗೆ ಅಳೆದಿರಿ, ಏನು ಬದಲಾಯಿಸಿದಿರಿ, ಏನಾಯಿತು ಅನ್ನುವ ಕ್ರಮದಲ್ಲಿ ಬರೆಯಿರಿ. ಸಾರಾಂಶವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.

ತೊಡಕು ಬರುವುದೂ ಈ ಮೂರನೇ ಅಧ್ಯಾಯದಲ್ಲೇ. ಕಂಪನಿಗೆ ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರುತ್ತೀರಿ. ಕಾಲೇಜಿನವರಿಗೆ ಮಾತ್ರ ಎಲ್ಲ ವಿವರವೂ ಬೇಕು.

ಒಂದು ಉದಾಹರಣೆ ನೋಡೋಣ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ನೀವಿದ್ದಿರಿ ಅಂದುಕೊಳ್ಳಿ. ಸಿಎನ್‌ಸಿ ಲೇತ್‌ನಲ್ಲಿ ಬೋರಿಂಗ್ ಮಾಡುವಾಗ, ಲೋಹ ಕತ್ತರಿಸುವ ಮೊನೆಯಾದ ಇನ್ಸರ್ಟ್ ಸವೆಯುತ್ತಾ ಹೋದಂತೆ ರಂಧ್ರ ಚಿಕ್ಕದಾಗುತ್ತಿತ್ತು. ವಾರಕ್ಕೆ 200 ಪೀಸ್‌ಗಳಲ್ಲಿ 20 ರೀವರ್ಕ್‌ಗೆ ಹೋಗುತ್ತಿದ್ದವು. ನೀವು ಪ್ರತಿ ಹತ್ತನೇ ಪೀಸನ್ನು ಬೋರ್ ಗೇಜ್‌ನಲ್ಲಿ ಅಳೆದು ಚಾರ್ಟ್ ಹಾಕಿದಿರಿ. ಸವೆತಕ್ಕೆ ತಕ್ಕಂತೆ ಟೂಲಿನ ಸ್ಥಾನ ಸರಿಮಾಡುವ ಆಫ್‌ಸೆಟ್ ಅನ್ನು ಎಷ್ಟು ಪೀಸ್‌ಗೊಮ್ಮೆ ತಿದ್ದಬೇಕು ಅಂತ ಗೊತ್ತಾಯಿತು. ರೀವರ್ಕ್ 12ಕ್ಕೆ ಇಳಿಯಿತು.

ಇದರಲ್ಲಿ ನಿಮ್ಮದು ಯಾವುದು, ಕಂಪನಿಯದು ಯಾವುದು? ಇನ್ಸರ್ಟ್ ಸವೆದರೆ ಬೋರ್ ಚಿಕ್ಕದಾಗುವುದು ಪಠ್ಯಪುಸ್ತಕದ ವಿಷಯ, ಧಾರಾಳವಾಗಿ ಬರೆಯಬಹುದು. ಅಳೆದ ರೀತಿ ನಿಮ್ಮ ಕೆಲಸ, ಅದನ್ನೇ ವಿಸ್ತಾರವಾಗಿ ಬರೆಯಿರಿ. ಗಿರಾಕಿಯ ಹೆಸರು, ಡ್ರಾಯಿಂಗ್ ನಂಬರ್, ಲೋಹದ ಗ್ರೇಡ್, ಟಾಲರೆನ್ಸ್, ರೀವರ್ಕ್ ಸಂಖ್ಯೆ ಕಂಪನಿಯವು. ಅವುಗಳ ಜಾಗದಲ್ಲಿ ‘ಸಿಲಿಂಡರ್ ಆಕಾರದ ಒಂದು ಭಾಗ’, ‘ಗಿರಾಕಿ ಎ’ ಅಂದರೆ ಓದುವವರಿಗೆ ಏನೂ ನಷ್ಟವಿಲ್ಲ.

ಸಂಖ್ಯೆಗೂ ದಾರಿಯಿದೆ. ಮೊದಲ ವಾರದ ರೀವರ್ಕ್ ಅನ್ನು 100 ಅಂತ ಹಿಡಿಯಿರಿ. ಆಗ ಕೊನೆಯ ವಾರದ್ದು 60. ಇಳಿಕೆ ಶೇಕಡಾ 40. ನಿಮ್ಮ ಸಾಧನೆ ಕಾಣುತ್ತದೆ, ಕಂಪನಿಯ ಲೆಕ್ಕ ಕಾಣುವುದಿಲ್ಲ.

ಆದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ ಖುಷಿಯಿಂದ ‘ವಾರಕ್ಕೆ 8 ಪೀಸ್ ಉಳಿಯಿತು’ ಅಂತ ಬರೆದುಬಿಡುತ್ತಾರೆ. ಶೇಕಡಾ 40 ಅಂದರೆ 8 ಆದರೆ, ಮೊದಲು 20 ಇತ್ತು ಅಂತ ಯಾರು ಬೇಕಾದರೂ ಹೇಳಬಹುದು. ಎರಡನೇ ಅಧ್ಯಾಯದಲ್ಲಿ ವಾರಕ್ಕೆ 200 ಪೀಸ್ ಅಂತಲೂ ಇದ್ದರೆ ಗುಟ್ಟು ಪೂರ್ತಿ ಬಯಲು. ಹಾಗಾಗಿ ಬರೆದ ಮೇಲೆ ಎದುರಾಳಿ ಕಂಪನಿಯವರ ಕಣ್ಣಲ್ಲಿ ಒಮ್ಮೆ ಇಡೀ ರಿಪೋರ್ಟ್ ಓದಿ. ಬಿಡಿಬಿಡಿಯಾಗಿ ನಿರಪಾಯವಾದ ಎರಡು ಸಾಲು ಸೇರಿದರೆ ಏನು ಗೊತ್ತಾಗುತ್ತದೆ ಅಂತ ನೋಡಿ. ಗ್ರಾಫಿನ ಅಕ್ಷದಲ್ಲಿ ನಿಜವಾದ ಅಳತೆ ಉಳಿದಿದೆಯೇ? ಫೋಟೋದ ಮೂಲೆಯಲ್ಲಿ ಡ್ರಾಯಿಂಗ್ ಹಾಳೆ ಇಣುಕುತ್ತಿದೆಯೇ? ಪಿಡಿಎಫ್‌ನಲ್ಲಿ ಪದದ ಮೇಲೆ ಸುಮ್ನೆ ಕಪ್ಪು ಪಟ್ಟಿ ಎಳೆದರೆ ಸಾಲದು, ಕೆಳಗಿನ ಅಕ್ಷರಗಳನ್ನು ಕಾಪಿ ಮಾಡಿಕೊಳ್ಳಬಹುದು. ಪದವನ್ನೇ ಅಳಿಸಿ.

ಮುಚ್ಚಿಡುವುದು ಬೇರೆ, ಇಲ್ಲದ್ದನ್ನು ಕಟ್ಟುವುದು ಬೇರೆ. ಲೆಕ್ಕ ತೋರಿಸಲು ಕಾಲ್ಪನಿಕ ಅಂಕಿ ಬಳಸಿದರೆ ಟೇಬಲ್ಲಿನ ಕೆಳಗೇ ‘ವಿವರಣೆಗಾಗಿ ಕೊಟ್ಟ ಕಾಲ್ಪನಿಕ ಅಂಕಿಗಳು’ ಅಂತ ಹಾಕಿ. ಇಲ್ಲದಿದ್ದರೆ ಅದು ಸುಳ್ಳು ದತ್ತಾಂಶವಾಗುತ್ತದೆ.

ಇನ್ನು ಧಾಟಿ. ‘ಅಳೆಯಲಾಯಿತು’, ‘ಬದಲಾಯಿಸಲಾಯಿತು’ ಅಂತಲೇ ಹೋದರೆ ಯಾರು ಮಾಡಿದರು ಅಂತ ಪರೀಕ್ಷಕರಿಗೆ ತಿಳಿಯುವುದಿಲ್ಲ. ಅಳೆದಿದ್ದು ನೀವಾದರೆ ‘ನಾನು ಅಳೆದೆ’ ಅನ್ನಿ. ಆಫ್‌ಸೆಟ್ ತಿದ್ದಿದ್ದು ಆಪರೇಟರ್ ಆದರೆ ಅದನ್ನೂ ಹೇಳಿ. ‘ಆಪರೇಟರ್ ನಿರ್ಲಕ್ಷ್ಯದಿಂದ ರೀವರ್ಕ್ ಆಗುತ್ತಿತ್ತು’ ಅನ್ನುವ ಸಾಲು ಬೇಡ. ‘ಆಫ್‌ಸೆಟ್ ತಿದ್ದಲು ನಿಗದಿಯಾದ ಅಂತರ ಇರಲಿಲ್ಲ’ ಅಂದರೆ ಕಾರಣವೂ ಸರಿಯಾಗಿ ಸಿಗುತ್ತದೆ, ಯಾರ ಮೇಲೂ ದೂರು ಆಗುವುದಿಲ್ಲ.

ಕರಡನ್ನು ಬೈಂಡಿಂಗ್‌ಗೆ ಕನಿಷ್ಠ ಎರಡು ವಾರ ಮೊದಲೇ ಕಂಪನಿಯ ಗೈಡ್‌ಗೆ ಕಳಿಸಿ. ‘ಓದಿ ನೋಡಿ ಸಾರ್’ ಅಂತಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಸಂಶಯವಿರುವ ಸಾಲುಗಳಿಗೆ ಬಣ್ಣ ಹಚ್ಚಿ, ಇವು ಇರಬಹುದಾ ಅಂತ ಕೇಳಿ. ಒಪ್ಪಿಗೆ ಇಮೇಲ್‌ನಲ್ಲೇ ಬರಲಿ, ಬಾಯಿಮಾತು ಬೇಡ.

ವೈವಾದಲ್ಲಿ ‘ಟಾಲರೆನ್ಸ್ ಎಷ್ಟಿತ್ತಪ್ಪಾ?’ ಅಂತ ಕೇಳಿಯೇ ಕೇಳುತ್ತಾರೆ. ‘ಆ ಅಂಕಿ ಹೇಳಲು ಕಂಪನಿಯ ಒಪ್ಪಿಗೆ ಇಲ್ಲ ಸಾರ್, ಅಳತೆಯ ಕ್ರಮ ಬೋರ್ಡ್ ಮೇಲೆ ತೋರಿಸಲಾ?’ ಅಂತ ಕೇಳಿ, ಚಾಕ್‌ಪೀಸ್ ತೆಗೆದುಕೊಳ್ಳಿ.