ಕರೆಂಟ್ ಹೋಗಿ ಜನರೇಟರ್ ಬರುವ ತನಕ: ಐಸಿಯುನ ಆ 23 ನಿಮಿಷದ ಲೆಕ್ಕ ಹಾಕುವುದು ಹೇಗೆ?

ಕಕ್ಕಡ ತಿಂಗಳ ಗಾಳಿಮಳೆಗೆ ತೋಟದ ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬೀಳುವುದು ಕೊಡಗಿನಲ್ಲಿ ಹೊಸದೇನಲ್ಲ. ರಾತ್ರಿ ಹೊತ್ತು ಚೆಸ್ಕಾಂನ ಲೈನ್‌ಮ್ಯಾನ್ ಆ ಮರದ ಹತ್ತಿರ ಹೋಗುವುದೇ ಕಷ್ಟ. ಹಾಗಾಗಿ ಇಲ್ಲಿನ ಆಸ್ಪತ್ರೆಗಳಲ್ಲಿ ಜನರೇಟರ್ ಇದ್ದೇ ಇರುತ್ತದೆ. ಕರೆಂಟ್ ಹೋದ ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ತಾನಾಗಿಯೇ ಸ್ಟಾರ್ಟ್ ಆಗಿ ಐಸಿಯುಗೆ ಕರೆಂಟ್ ಕೊಡಬೇಕು. ಕೊಡದ ದಿನ ವೆಂಟಿಲೇಟರ್‌ಗಳು ತಮ್ಮೊಳಗಿನ ಬ್ಯಾಟರಿ ಮೇಲೆ ಓಡುತ್ತವೆ. ಮರುದಿನ ರಿಪೋರ್ಟಿನಲ್ಲಿ ‘ಜನರೇಟರ್ ತಡವಾಯಿತು’ ಎಂದು ಒಂದೇ ಸಾಲು ಬರೆಯುತ್ತಾರೆ. ಆ ಸಾಲಿನಿಂದ ಏನೂ ಪ್ರಯೋಜನವಿಲ್ಲ. ಎಷ್ಟು ತಡ, ಯಾವ ಹಂತದಲ್ಲಿ ತಡ ಅಂತ ಗೊತ್ತಾದರೆ ಮಾತ್ರ ಏನನ್ನು ರಿಪೇರಿ ಮಾಡಬೇಕು ಅನ್ನುವುದು ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಕೊಡಗಿನ ಒಂದು ಚಿಕ್ಕ ಆಸ್ಪತ್ರೆ ಅಂದುಕೊಳ್ಳಿ. ಐಸಿಯುನಲ್ಲಿ ಮೂರು ವೆಂಟಿಲೇಟರ್, ಹಿಂದುಗಡೆ ಶೀಟಿನ ಮಾಡಿನ ಕೆಳಗೆ ಜನರೇಟರ್. ಯುಪಿಎಸ್ ಇದೆ, ಆದರೆ ಅದಕ್ಕೆ ಮಾನಿಟರ್ ಮತ್ತು ಕಂಪ್ಯೂಟರ್ ಮಾತ್ರ ಸೇರಿಸಿದ್ದಾರೆ. ಕೆಲವು ಕಡೆ ಹೀಗೇ ಇರುತ್ತದೆ.

ಮೊದಲು ಮಾಡಬೇಕಾದದ್ದು ಫೋಟೊ ತೆಗೆಯುವುದು. ಹೆಚ್ಚಿನ ವೆಂಟಿಲೇಟರ್‌ಗಳಲ್ಲಿ ಯಾವ ಅಲಾರಂ ಎಷ್ಟು ಗಂಟೆಗೆ ಬಂತು ಅನ್ನುವ ಲಾಗ್ ಇರುತ್ತದೆ. ಜನರೇಟರ್ ಪ್ಯಾನಲ್‌ನಲ್ಲೂ ಅಂಥದ್ದೇ ಒಂದು ಇರುತ್ತದೆ. ಜಾಗ ತುಂಬಿದಂತೆ ಹಳೆಯ ದಾಖಲೆ ಅಳಿಸಿಹೋಗುತ್ತದೆ. ಕೆಲವು ಮಷೀನುಗಳಲ್ಲಿ ಹೊಸ ರೋಗಿ ಅಂತ ಒತ್ತಿದರೂ ಹೋಗಿಬಿಡುತ್ತದೆ. ಹಾಗಾಗಿ ಬೆಳಗ್ಗೆ ಡ್ಯೂಟಿ ಬದಲಾಗುವ ಮೊದಲೇ ಪ್ರತಿ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಅದೇ ಫೋಟೊದಲ್ಲಿ ಮೊಬೈಲಿನ ಗಡಿಯಾರವೂ ಕಾಣುವಂತೆ ಪಕ್ಕದಲ್ಲಿ ಇನ್ನೊಂದು ಮೊಬೈಲ್ ಹಿಡಿಯಿರಿ.

ಇದು ಯಾಕೆ ಅಂದರೆ, ಐಸಿಯುನಲ್ಲಿ ಒಂದು ಗಡಿಯಾರದ ಹಾಗೆ ಇನ್ನೊಂದು ಇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಒಂದನೇ ಬೆಡ್‌ನ ವೆಂಟಿಲೇಟರ್ ‘AC Power Loss’ ಅಂತ 2:21ಕ್ಕೆ ಬರೆದುಕೊಂಡಿದೆ. ಜನರೇಟರ್ ಪ್ಯಾನಲ್ ಮೊದಲ ಸಲ ಸ್ಟಾರ್ಟ್ ಮಾಡಲು ನೋಡಿದ್ದು 2:07ಕ್ಕೆ. ಅಂದರೆ ಕರೆಂಟ್ ಹೋಗುವ 14 ನಿಮಿಷ ಮೊದಲೇ ಜನರೇಟರ್‌ಗೆ ಗೊತ್ತಾಗಿಬಿಟ್ಟಿತ್ತು! ಹಾಗಾಗಲು ಸಾಧ್ಯವಿಲ್ಲ, ಅಲ್ವಾ? ಫೋಟೊ ನೋಡಿದರೆ ಗೊತ್ತಾಗುತ್ತದೆ: ವೆಂಟಿಲೇಟರ್ ಗಡಿಯಾರ ಮೊಬೈಲಿಗಿಂತ 4 ನಿಮಿಷ ಮುಂದಿದೆ, ಪ್ಯಾನಲ್‌ನದು 11 ನಿಮಿಷ ಹಿಂದಿದೆ. ಮುಂದಿರುವುದರಲ್ಲಿ ಕಳೆಯಿರಿ, ಹಿಂದಿರುವುದಕ್ಕೆ ಕೂಡಿಸಿ. ಕರೆಂಟ್ ಹೋದದ್ದು 2:17, ಸ್ಟಾರ್ಟ್ ಮಾಡಲು ನೋಡಿದ್ದು 2:18. ಪ್ರತಿ ವೆಂಟಿಲೇಟರ್‌ಗೂ ಬೇರೆ ಬೇರೆಯಾಗಿ ಈ ಲೆಕ್ಕ ಮಾಡಬೇಕು.

ಮಷೀನು ಬರೆಯದ ವಿಷಯಗಳಿಗೆ ಕಾಲ್ ಲಾಗ್ ನೋಡಿ. ಯಾರು ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದರು ಅನ್ನುವುದರಲ್ಲಿ ನೆನಪನ್ನು ನಂಬಬೇಡಿ. ಕತ್ತಲಲ್ಲಿ ಅಲಾರಂ ಹೊಡೆದುಕೊಳ್ಳುತ್ತಿರುವಾಗ ಎರಡು ನಿಮಿಷ ಹತ್ತು ನಿಮಿಷದ ಹಾಗೆ ಕಾಣುತ್ತದೆ. ಎಲ್ಲ ಸೇರಿಸಿದ ಮೇಲೆ ಪಟ್ಟಿ ಹೀಗಾಯಿತು:

2:17 – ಕರೆಂಟ್ ಹೋಯಿತು, ಮೂರೂ ವೆಂಟಿಲೇಟರ್ ಬ್ಯಾಟರಿಗೆ ಬಂದವು
2:18 – ಜನರೇಟರ್ ಸ್ಟಾರ್ಟ್ ಆಗಲು ಮೊದಲ ಯತ್ನ
2:19 – ಮೂರು ಯತ್ನ ಮುಗಿದು ಪ್ಯಾನಲ್‌ನಲ್ಲಿ ‘Fail to Start’
2:26 – ಸಿಸ್ಟರ್ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು
2:31 – ಮೂರನೇ ಬೆಡ್‌ನಲ್ಲಿ ‘Low Battery’
2:33 – ಎಲೆಕ್ಟ್ರಿಷಿಯನ್ ಬಂದರು
2:34 – ಮೂರನೇ ಬೆಡ್‌ನ ರೋಗಿಗೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್
2:39 – ಎಂಜಿನ್ ಸ್ಟಾರ್ಟ್
2:40 – ಐಸಿಯುಗೆ ಕರೆಂಟ್

ಈಗ ಸಾಲುಗಳ ನಡುವಿನ ಅಂತರ ನೋಡಿ. 23 ನಿಮಿಷದಲ್ಲಿ ಜನರೇಟರ್ ತಾನಾಗಿ ಪ್ರಯತ್ನ ಪಟ್ಟದ್ದು ಒಂದೇ ನಿಮಿಷ. ಮೂರು ಸಲ ಸೋತ ಮೇಲೆ ಪ್ಯಾನಲ್ ಲಾಕ್ ಆಗುತ್ತದೆ. ಯಾರಾದರೂ ಬಂದು ರೀಸೆಟ್ ಮಾಡುವ ತನಕ ಅದು ಮತ್ತೆ ಯತ್ನಿಸುವುದಿಲ್ಲ. ಅಲ್ಲಿಂದ 2:26ರ ತನಕದ ಏಳು ನಿಮಿಷ ಪೂರ್ತಿ ವ್ಯರ್ಥ. ಪ್ಯಾನಲ್‌ನ ಹೂಟರ್ ಹೊಡೆಯುತ್ತಲೇ ಇತ್ತು. ಶೀಟಿನ ಮೇಲೆ ಬೀಳುವ ಕೊಡಗಿನ ಮಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಒಳಗಿದ್ದವರು ‘ಈಗ ಬರುತ್ತೆ, ಈಗ ಬರುತ್ತೆ’ ಅಂತ ಕಾದರು. ಕೊನೆಗೆ ಸಿಸ್ಟರ್ ಫೋನ್ ಮಾಡಿ, “ಅಣ್ಣಾ, ಜನರೇಟರ್ ಇನ್ನೂ ಬಂದಿಲ್ಲ, ಬೇಗ ಬನ್ನಿ” ಅಂದರು. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಅತಿ ದೊಡ್ಡ ತಪ್ಪು ಬ್ಯಾಟರಿಯದಲ್ಲ, ಈ ಏಳು ನಿಮಿಷದ್ದು. ಪರಿಹಾರವೂ ಸುಲಭ: ಹೂಟರ್‌ನ ವೈರ್ ಎಳೆದು ಇನ್ನೊಂದು ಬಜರ್ ಅನ್ನು ನರ್ಸಿಂಗ್ ಸ್ಟೇಷನ್‌ನಲ್ಲಿ ಹಾಕುವುದು, ಒಂದು ನಿಮಿಷದೊಳಗೆ ಕರೆಂಟ್ ಬಾರದಿದ್ದರೆ ಯೋಚನೆ ಮಾಡದೆ ಫೋನ್ ಮಾಡುವುದು.

ಇನ್ನು ಸ್ಟಾರ್ಟ್ ಯಾಕೆ ಆಗಲಿಲ್ಲ? ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಜನರೇಟರ್ ಸ್ಟಾರ್ಟ್ ಮಾಡುವ ಬ್ಯಾಟರಿ 12.4 ವೋಲ್ಟ್ ತೋರಿಸಿತು. ನೋಡಲು ಪರವಾಗಿಲ್ಲ. ಸ್ಟಾರ್ಟರ್ ತಿರುಗಿಸಿದ ಕೂಡಲೇ 7ಕ್ಕೆ ಕುಸಿಯಿತು. 12 ವೋಲ್ಟಿನ ಒಳ್ಳೆಯ ಬ್ಯಾಟರಿ ಆ ಹೊತ್ತಿನಲ್ಲಿ ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ಆದ್ದರಿಂದ ಸುಮ್ನೆ ನಿಂತಿರುವ ಬ್ಯಾಟರಿಯ ವೋಲ್ಟೇಜ್ ಬರೆದಿಟ್ಟರೆ ಏನೂ ಗೊತ್ತಾಗುವುದಿಲ್ಲ. ಸ್ಟಾರ್ಟ್ ಆಗುವಾಗಿನ ವೋಲ್ಟೇಜ್ ನೋಡಬೇಕು. ಹುಡುಕಿದಾಗ ಚಾರ್ಜರ್‌ನ ಫ್ಯೂಸ್ ಹೋಗಿರುವುದು ಸಿಕ್ಕಿತು. ವಾರಕ್ಕೊಮ್ಮೆ ಐದು ನಿಮಿಷ ಓಡಿಸಿ ‘ಟೆಸ್ಟ್ ಆಯಿತು’ ಅಂತ ಬರೆಯುತ್ತಿದ್ದರು. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಅಷ್ಟು ಹೊತ್ತಿನಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಚಾರ್ಜರ್ ಇಲ್ಲದೆ ವಾರ ವಾರ ಬ್ಯಾಟರಿ ಇಳಿಯುತ್ತಾ ಬಂದಿತ್ತು. ಆ ರಾತ್ರಿ ಆಂಬ್ಯುಲೆನ್ಸ್ ಹತ್ತಿರ ತಂದು ಅದರ ಬ್ಯಾಟರಿಯಿಂದ ಕೇಬಲ್ ಕೊಟ್ಟು ಎಬ್ಬಿಸಿದರು. 24 ವೋಲ್ಟಿನ ದೊಡ್ಡ ಸೆಟ್ ಆಗಿದ್ದರೆ ಆ ಒಂದು ಬ್ಯಾಟರಿ ಸಾಲುತ್ತಿರಲಿಲ್ಲ.

ಮೂರನೇ ಬೆಡ್‌ನ ಕಥೆ ಬೇರೆ. ಅದರ ಸ್ಕ್ರೀನ್ ಬ್ಯಾಟರಿ ಫುಲ್ ಅಂತ ತೋರಿಸುತ್ತಿತ್ತು. ಆದರೂ 14 ನಿಮಿಷಕ್ಕೇ ಅಲಾರಂ ಹೊಡೆಯಿತು. ವರ್ಷಗಟ್ಟಲೆ ಪ್ಲಗ್‌ನಲ್ಲೇ ಇರುವ ಹಳೆಯ ಬ್ಯಾಟರಿ ಫುಲ್ ಅಂತ ತೋರಿಸಿದರೂ ಒಳಗೆ ಅರ್ಧವೂ ಇಲ್ಲದಿರಬಹುದು. ಇದನ್ನು ತಿಳಿಯಲು ಒಂದೇ ದಾರಿ. ರೋಗಿ ಇಲ್ಲದಾಗ ವೆಂಟಿಲೇಟರ್‌ಗೆ ಶ್ವಾಸಕೋಶದ ಬದಲಿಗೆ ಬಳಸುವ ಚೀಲ, ಅಂದರೆ ಟೆಸ್ಟ್ ಲಂಗ್ ಹಾಕಿ, ಪ್ಲಗ್ ತೆಗೆದು, ‘Low Battery’ ಬರುವ ತನಕ ಓಡಿಸಿ. ಎಷ್ಟು ನಿಮಿಷ ಬಂತು, ಯಾವ ತಾರೀಕು ಅಂತ ಟೇಪ್ ಮೇಲೆ ಬರೆದು ಮಷೀನಿಗೇ ಅಂಟಿಸಿ. ಅರ್ಧ ಗಂಟೆಗಿಂತ ಕಡಿಮೆ ಬಂದರೆ ಬ್ಯಾಟರಿ ಬದಲಿಸಬೇಕು.

ಆಂಬು ಬ್ಯಾಗ್ ವಿಷಯದಲ್ಲಿ ಅಲ್ಲಿನವರು ಮಾಡಿದ್ದು ಸರಿ. ಮಷೀನು ಪೂರ್ತಿ ನಿಲ್ಲುವ ತನಕ ಕಾಯಲಿಲ್ಲ. ಅಲಾರಂ ಬಂದ ಮೂರು ನಿಮಿಷಕ್ಕೆ ಬದಲಾಯಿಸಿದರು. ದೊಡ್ಡವರಿಗೆ ಸುಮಾರು ಆರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ ಒತ್ತಬೇಕು. ಗಾಬರಿಯಲ್ಲಿ ಎಲ್ಲರೂ ಜಾಸ್ತಿ ಒತ್ತುತ್ತಾರೆ. ಅದಕ್ಕೇ ಒಬ್ಬರು ಒತ್ತುವಾಗ ಇನ್ನೊಬ್ಬರು ಎಣಿಸಿದರೆ ಒಳ್ಳೆಯದು.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಬೇಕು: ಬ್ಯಾಟರಿಯೇ ಇಲ್ಲದ ಮಷೀನು ಯಾವುವು? ಹೈ ಫ್ಲೋ ಆಕ್ಸಿಜನ್ ಮಷೀನುಗಳಲ್ಲಿ ಕೆಲವಕ್ಕೆ ಒಳಗೆ ಬ್ಯಾಟರಿ ಇರುವುದಿಲ್ಲ. ಕಫ ಎಳೆಯುವ ಗೋಡೆಯ ಸಕ್ಷನ್ ನಡೆಸುವ ಪಂಪೂ ಕರೆಂಟಿನದ್ದೇ. ಆಕ್ಸಿಜನ್ ತಯಾರಿಸುವ ಪ್ಲಾಂಟ್ ಇದ್ದರೆ ಅದೂ ನಿಲ್ಲುತ್ತದೆ, ಸಿಲಿಂಡರ್ ಸಾಲಿಗೆ ಬದಲಾಗಬೇಕು. ಇವು ವೆಂಟಿಲೇಟರ್‌ನ ಹಾಗೆ 14 ನಿಮಿಷ ಕಾಯುವುದಿಲ್ಲ. ಕರೆಂಟ್ ಹೋದ ಕೂಡಲೇ ಎಲ್ಲಕ್ಕಿಂತ ಮೊದಲು ಯಾರ ಹತ್ತಿರ ಓಡಬೇಕು ಅನ್ನುವುದನ್ನು ಬೆಡ್ ನಂಬರ್ ಸಮೇತ ಸಂಜೆ ಡ್ಯೂಟಿ ವಹಿಸಿಕೊಡುವಾಗಲೇ ಬೋರ್ಡಿನಲ್ಲಿ ಬರೆಯಬೇಕು.