ಬೆನ್ನಿನ ಮೊಡವೆ, ಎದೆಯ ಗುಳ್ಳೆ ಮತ್ತು ಸ್ಯಾಲಿಸಿಲಿಕ್ ಬಾಡಿ ವಾಶ್: ನನ್ನ ಅನುಭವ

ಬಾಡಿ ವಾಶ್ ಕೊಳ್ಳುವ ಮೊದಲು ಎರಡು ಕನ್ನಡಿಗಳ ನೆರವಿನಿಂದ ನನ್ನ ಬೆನ್ನನ್ನು ಸರಿಯಾಗಿ ನೋಡಿಕೊಂಡೆ. ಮೊಡವೆಗಳು ಬೆನ್ನ ತುಂಬ ಹರಡಿರಲಿಲ್ಲ. ಬೆನ್ನುಚೀಲದ ಪಟ್ಟಿ ಕೂರುವ ಹೆಗಲಿನ ಮೇಲೆ ಮತ್ತು ಚೀಲ ಒತ್ತುವ ಭಾಗದಲ್ಲಿ ದಟ್ಟವಾಗಿದ್ದವು, ಸೊಂಟದ ಕಡೆಗೆ ಒಂದೂ ಇರಲಿಲ್ಲ. ನಾನು ದಿನವೂ ಸೈಕಲ್ ತುಳಿದು ಕೆಲಸಕ್ಕೆ ಹೋಗುವವನು. ಹಾಗಾಗಿ ಯಾವುದು ಕೆಣಕುತ್ತಿದೆ ಎಂದು ಊಹಿಸುವುದು ಕಷ್ಟವಾಗಲಿಲ್ಲ.

ಬೆವರೇ ಮೊಡವೆ ತರುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆವರು ಬಂದು ಆರಿಹೋದರೆ ಅಷ್ಟೇನೂ ತೊಂದರೆಯಿಲ್ಲ. ಬಿಗಿಯಾದ ಬಟ್ಟೆಯ ಅಡಿಯಲ್ಲಿ ಅದು ಗಂಟೆಗಟ್ಟಲೆ ನಿಂತರೆ ಚರ್ಮ ನೆನೆದು ಮೆತ್ತಗಾಗುತ್ತದೆ, ರೋಮಕೂಪದ ಬಾಯಿ ಊದಿಕೊಳ್ಳುತ್ತದೆ. ಅದರ ಮೇಲೆ ಪಟ್ಟಿ ಉಜ್ಜುತ್ತಿದ್ದರೆ ಮೊದಲೇ ಜಿಡ್ಡು ಕಟ್ಟಿಕೊಂಡಿದ್ದ ಕೂಪಗಳು ಕೆರಳಿ ಕೆಂಪಗಾಗುತ್ತವೆ.

ಸ್ಯಾಲಿಸಿಲಿಕ್ ಆಮ್ಲವನ್ನು ಆರಿಸಿಕೊಂಡದ್ದು ಅದು ಎಣ್ಣೆಯಲ್ಲಿ ಕರಗುವ ಗುಣಕ್ಕಾಗಿ. ಜಿಡ್ಡಿನ ನಡುವೆ ನುಸುಳಿ, ಕೂಪದೊಳಗೆ ಅಂಟಿಕೊಂಡ ಸತ್ತ ಕೋಶಗಳನ್ನು ಅದು ಸಡಿಲಿಸುತ್ತದೆ. ಆದರೆ ಬಾಡಿ ವಾಶ್ ತೊಳೆದುಹೋಗುವ ವಸ್ತು. ಹಚ್ಚಿದ ಕೂಡಲೇ ನೀರು ಸುರಿದುಕೊಂಡರೆ ಆಮ್ಲಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ನಾನು ತಂದದ್ದು 2 ಶೇಕಡಾ ಆಮ್ಲವಿದ್ದ ವಾಶ್. ಮೊದಲು ತಲೆ ತೊಳೆದು, ಕಂಡಿಷನರನ್ನು ಪೂರ್ತಿ ತೆಗೆಯುತ್ತೇನೆ, ಏಕೆಂದರೆ ಅದರ ಜಿಡ್ಡು ಬೆನ್ನಿನ ಮೇಲೆಯೇ ಇಳಿಯುತ್ತದೆ. ಆಮೇಲೆ ನೀರು ನಿಲ್ಲಿಸಿ, ಒದ್ದೆ ಮೈಗೆ ವಾಶ್ ಹಚ್ಚಿ ಸುಮಾರು 3 ನಿಮಿಷ ಹಾಗೇ ನಿಲ್ಲುತ್ತೇನೆ. ಕೈಗೆಟುಕದ ನಡುಬೆನ್ನಿಗೆ ಉದ್ದನೆಯ ಮೆತ್ತನೆಯ ಬಟ್ಟೆಯೇ ಸಾಕು. ಒರಟು ಬ್ರಷ್ಷಿನಿಂದ ತಿಕ್ಕಿದರೆ ಚೀಲದ ಪಟ್ಟಿ ಮಾಡುವ ಕೆಲಸವನ್ನೇ ನಾವೂ ಮಾಡಿದಂತಾಗುತ್ತದೆ. ಉಗುರುಬೆಚ್ಚಗಿನ ನೀರಿನಿಂದ ತೊಳೆದ ಮೇಲೆ, ರೋಮಕೂಪ ಮುಚ್ಚದ ಹಗುರವಾದ ಮಾಯಿಶ್ಚರೈಸರ್ ಹಚ್ಚುತ್ತೇನೆ.

ಆರಂಭದಲ್ಲಿ ದಿನ ಬಿಟ್ಟು ದಿನ ಬಳಸಿದೆ. ಚರ್ಮ ಬಿಗಿದಂತಾಗುವುದು, ಚುರುಗುಟ್ಟುವುದು, ಬಿಳಿ ಹೊಟ್ಟು ಏಳುವುದು, ಇವೆಲ್ಲ ಅತಿಯಾಯಿತು ಎಂಬುದರ ಗುರುತುಗಳು. ಅವು ಕಾಣಿಸಿದಾಗ ಬಳಕೆ ತಗ್ಗಿಸಬೇಕೇ ಹೊರತು ಹೆಚ್ಚಿಸಬಾರದು. ಆಸ್ಪಿರಿನ್ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟದಿರುವುದೇ ಒಳ್ಳೆಯದು.

ಬೆವರಿನ ವಿಷಯದಲ್ಲಿ ಹೆಚ್ಚು ಫಲ ಕೊಟ್ಟದ್ದು ತೀರ ಸರಳ ಬದಲಾವಣೆ. ಚೀಲವನ್ನು ಬೆನ್ನಿನಿಂದ ಇಳಿಸಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದೆ. ತಲುಪಿದ ತಕ್ಷಣ ಸ್ನಾನಕ್ಕೆ ಅವಕಾಶವಿಲ್ಲ. ಹಾಗಾಗಿ ಒದ್ದೆ ಬಟ್ಟೆಯಿಂದ ಬೆನ್ನನ್ನು ಒತ್ತಿ ಒರೆಸಿ, ಒಣ ಅಂಗಿ ತೊಡುತ್ತೇನೆ. ಬೆವರಿದ ಅಂಗಿ ಒಣಗಿದ್ದರೂ ಸಂಜೆ ಅದನ್ನೇ ಮತ್ತೆ ಹಾಕುವುದಿಲ್ಲ.

ಆರೇಳು ವಾರಗಳಲ್ಲಿ ಹೆಗಲಿನ ಕಡೆ ಹೊಸ ಮೊಡವೆಗಳು ವಿರಳವಾದವು. ಎದೆಯ ಗುಳ್ಳೆಗಳು ಮಾತ್ರ ಹಾಗೇ ಉಳಿದವು. ಹತ್ತಿರದಿಂದ ನೋಡಿದಾಗ ವ್ಯತ್ಯಾಸ ಕಂಡಿತು. ಬೆನ್ನಿನಲ್ಲಿ ಕಪ್ಪು ತಲೆಯವು, ಬಿಳಿ ತಲೆಯವು, ಕೀವು ತುಂಬಿದವು ಎಲ್ಲ ಬೆರೆತಿದ್ದವು. ಎದೆಯಲ್ಲಿದ್ದವೆಲ್ಲ ಒಂದೇ ಅಳತೆಯ ಸಣ್ಣ ಗುಳ್ಳೆಗಳು. ಒಂದಕ್ಕೂ ಕಪ್ಪು ತಲೆಯಿಲ್ಲ, ಬೆವರಿದ ದಿನ ವಿಪರೀತ ತುರಿಕೆ. ಚರ್ಮರೋಗ ತಜ್ಞೆ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, "ಇದು ಮೊಡವೆಯಲ್ಲ, ಮಲಸೇಜಿಯಾ ಎಂಬ ಯೀಸ್ಟ್ ರೋಮಕೂಪಗಳಲ್ಲಿ ಬೆಳೆದಿರುವುದು" ಎಂದರು. ಈ ಯೀಸ್ಟ್ ಎಲ್ಲರ ಚರ್ಮದಲ್ಲೂ ಇರುತ್ತದಂತೆ. ಬಿಸಿ, ತೇವ, ಜಿಡ್ಡು ಸೇರಿದರೆ ಹೆಚ್ಚುತ್ತದೆ. ಮೊಡವೆಗೆಂದು ನುಂಗುವ ಆ್ಯಂಟಿಬಯಾಟಿಕ್ ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುವುದೂ ಉಂಟು. ಅವರು ಕೊಟ್ಟ ಕೀಟೊಕೊನಜೋಲ್ ಶಾಂಪೂವನ್ನು ಎದೆಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುತ್ತ ಬಂದೆ. ಮೊದಲು ತುರಿಕೆ ನಿಂತಿತು, ಗುಳ್ಳೆಗಳು ಆಮೇಲೆ ಅಡಗಿದವು. ಸೆಕೆಗಾಲದಲ್ಲಿ ಅದು ಮರಳುವುದರಿಂದ ವಾರಕ್ಕೊಮ್ಮೆ ಈಗಲೂ ಹಚ್ಚುತ್ತೇನೆ.

ಬೆನ್ನಿನ ಮೇಲೆ ಉಳಿದ ಕಂದು ಕಲೆಗಳನ್ನು ಮಾತ್ರ ಯಾರೂ ಹೊಸ ಮೊಡವೆ ಎಂದು ಲೆಕ್ಕ ಹಾಕಬಾರದು. ಅವು ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಒಳಗೆ ಗಂಟಾಗಿ ನೋಯುವ, ಗುಳಿ ಬಿಟ್ಟು ವಾಸಿಯಾಗುವ ಮೊಡವೆಗಳಿಗೆ ಈ ವಾಶ್ ಸಾಲದು. ಅವುಗಳಿಗೆ ಚರ್ಮರೋಗ ತಜ್ಞರ ಔಷಧವೇ ಬೇಕು, ಅದೂ ಗುಳಿಗಳು ಹೆಚ್ಚುವ ಮೊದಲು.